ತುರಿಕೆ ಹಬ್ಬಾಕತ್ರ ಡಾಕ್ಟರಿಗೆ ಹಿಂಗ ಬರೀರಿ

ನಮ್ಮ ರಾಯಚೂರು ಬಿಸಿಲಿಗೆ ಬೆವತು ಸೊಂಟ, ತೊಡಿಸಂದ್ಯಾಗ ತುರಿಕೆ ಎದ್ರ ಮಂದಿ ಬರೇ ಒಂದು ಫೋಟೋ ಕಳಿಸಿ ಸುಮ್ನಾಗ್ತಾರ, ಅದು ಸಾಲಂಗಿಲ್ರಿ. ಹಿಂಗ ಬರೀರಿ: "ಸರ್, ಹೋದ ಸೋಮವಾರ ಸೊಂಟದ ಎಡಕ್ಕ ರೂಪಾಯಿ ಅಗಲ ಕೆಂಪಗಾತು, ಈಗ ಹೊಟ್ಟಿತನಕ ಹಬ್ಬ್ಯಾದ, ರಾತ್ರಿ ತುರಿಕೆಗೆ ನಿದ್ದಿ ಇಲ್ಲ, ಮೆಡಿಕಲ್‌ನಾಗ ಕೊಟ್ಟ ಕ್ರೀಮ್ ನಾಕು ದಿನ ಹಚ್ಚೀನಿ, ಸೆಟ್ರಿಜಿನ್ ರಾತ್ರಿಗೊಂದು ತಗೊಂಡೀನಿ, ಜ್ವರ ನೋಡಿದ್ರ 98.4 ಅದ." ಕ್ರೀಮ್ ಟ್ಯೂಬಿನ ಫೋಟೋ ಮಾತ್ರ ಬಿಡಬ್ಯಾಡ್ರಿ, ಯಾಕಂದ್ರ ಅದ್ರಾಗ ಸ್ಟೀರಾಯ್ಡ್ ಇದ್ರ ಹುಳಕಡ್ಡಿ ತುರಿಕೆ ಮೊದ್ಲು ಕಮ್ಮಿ ಆದಂಗ ಅನಸ್ತದ ಆದ್ರ ಹಬ್ಬದು ನಿಲ್ಲಂಗಿಲ್ಲ, ಅದ್ರ ರೂಪಾನ ಬದಲಾಗಿ ಡಾಕ್ಟರಿಗೆ ಲಗೂನ ಗುರ್ತು ಸಿಗಂಗಿಲ್ಲ. ಅಂಚಿಗುಂಟ ಪೆನ್ನಿಲೆ ಗೆರಿ ಎಳದು ಫೋಟೋ ತಗೀರಿ, ಮರುದಿನ ಗೆರಿ ದಾಟಿದ್ರ ಹಬ್ಬಾಕತ್ತದ ಅಂತ ಅರ್ಥ. ಜ್ವರದ ಜೊತಿ ಬಾಯಾಗ ಗುಳ್ಳಿ ಎದ್ರ, ಇಲ್ಲ ತುಟಿ ಬಾತು ದಮ್ಮು ಹತ್ತಿದ್ರ ಮೆಸೇಜ್ ಮಾಡ್ಕೋತ ಕುಂದ್ರಬ್ಯಾಡ್ರಿ, ಸೀದಾ ದವಾಖಾನಿಗೆ ಹೋಗ್ರಿ.