ಅವಧಿಗೆ ಮುಂಚೆ ಎಫ್‌ಡಿ ಮುರಿದಾಗ ಬಡ್ಡಿ ಎರಡು ಸಲ ಇಳಿಯುತ್ತದೆ

ಸೈಟು ನೋಂದಣಿಗೆ ಹಣ ಬೇಕಾಗಿ ನನ್ನ ನಾಲ್ಕು ಲಕ್ಷದ ಎಫ್‌ಡಿ ಮುರಿಯಬೇಕಾಯಿತು. ಮೂರು ವರ್ಷದ ಅವಧಿ, ಶೇ. 7 ಬಡ್ಡಿ. ಆಗ ಹದಿನೈದು ತಿಂಗಳು ತುಂಬಿತ್ತು. ದಂಡ ಶೇ. 1 ಎಂದು ಬಾಂಡಿನ ಹಿಂದೆಯೇ ಅಚ್ಚಾಗಿತ್ತು. ಹಾಗಾದರೆ ಶೇ. 6 ಸಿಗಬೇಕಲ್ಲ ಎಂದೇ ಹೆಚ್ಚಿನವರು ಲೆಕ್ಕ ಹಾಕುತ್ತಾರೆ. ಆದರೆ ಬ್ಯಾಂಕಿನ ಲೆಕ್ಕ ಶುರುವಾಗುವುದು ಏಳರಿಂದಲ್ಲ.

ಮೂರು ವರ್ಷ ಇಡುತ್ತೇನೆಂದು ಒಪ್ಪಿದ್ದಕ್ಕೆ ಶೇ. 7 ಕೊಟ್ಟಿದ್ದರು. ಹಣ ಇದ್ದದ್ದು ಹದಿನೈದೇ ತಿಂಗಳು. ಹಾಗಾಗಿ ನಾನು ಠೇವಣಿ ಇಟ್ಟ ದಿನ ಅಷ್ಟು ಅವಧಿಗೆ ಯಾವ ದರವಿತ್ತೋ ಅದನ್ನು ಹಿಡಿಯುತ್ತಾರೆ. ಮುರಿಯುವ ದಿನದ ದರ ಇಲ್ಲಿ ಲೆಕ್ಕಕ್ಕಿಲ್ಲ. ಅಂದಿನ ದರಪಟ್ಟಿಯಲ್ಲಿ ಒಂದರಿಂದ ಎರಡು ವರ್ಷದೊಳಗಿನ ಠೇವಣಿಗೆ ಶೇ. 6.5 ಇತ್ತು. ದಂಡದ ಒಂದನ್ನು ಕಳೆದದ್ದು ಅದರಿಂದ. ಕೈಗೆ ಬಂದ ದರ ಶೇ. 5.5.

ಬಡ್ಡಿ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುವ ಠೇವಣಿ ಅದು. ಶೇ. 7ರಲ್ಲಿ ಹದಿನೈದು ತಿಂಗಳಿಗೆ ಸುಮಾರು 36,250 ರೂಪಾಯಿ ಆಗುತ್ತಿತ್ತು, ನನಗೆ ಸಿಕ್ಕಿದ್ದು ಸುಮಾರು 28,270. ಕಡಿಮೆಯಾದ ಎಂಟು ಸಾವಿರದಲ್ಲಿ ಸುಮಾರು 2,670 ಅವಧಿಯ ದರ ಇಳಿದದ್ದರಿಂದ ಹೋಯಿತು, ಉಳಿದದ್ದು ದಂಡದಿಂದ. ಬಾಂಡಿನಲ್ಲಿ ಕಾಣುವುದು ಎರಡನೆಯದು ಮಾತ್ರ.

ಅರ್ಜಿಗೆ ಸಹಿ ಹಾಕುವ ಮೊದಲೇ ಕೌಂಟರಿನಲ್ಲಿ ಇಂದು ಮುರಿದರೆ ಎಷ್ಟು ಬರುತ್ತದೆ ಎಂದು ಕೇಳಿ, ದರ ಮತ್ತು ಮೊತ್ತ ಎರಡನ್ನೂ ಬರೆಸಿಕೊಂಡೆ. ಠೇವಣಿಯ ಮೇಲೆ ಸಾಲ ತೆಗೆಯುವ ದಾರಿಯನ್ನೂ ನೋಡಿದ್ದೆ. ನಮ್ಮ ಶಾಖೆಯಲ್ಲಿ ಅಸಲಿನ ಶೇ. 90ರವರೆಗೆ, ಎಫ್‌ಡಿ ದರಕ್ಕಿಂತ ಶೇ. 1 ಹೆಚ್ಚು ಬಡ್ಡಿಗೆ ಕೊಡುತ್ತಾರೆ. ಎರಡು ಮೂರು ತಿಂಗಳಲ್ಲಿ ಹಿಂತಿರುಗಿಸುವ ಹಣವಾಗಿದ್ದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳುತ್ತಿದ್ದೆ. ನನಗೆ ಪೂರ್ತಿ ನಾಲ್ಕು ಲಕ್ಷವೂ ಬೇಕಿತ್ತು.

ಅದೇ ವಾರ ಅಮ್ಮನ ಎರಡು ಲಕ್ಷದ ಠೇವಣಿಯನ್ನೂ ಮುರಿದೆವು. ಅದಕ್ಕೂ ಇವೇ ದರಗಳು, ಆದರೆ ಬಡ್ಡಿ ಮೂರು ತಿಂಗಳಿಗೊಮ್ಮೆ 3,500ರಂತೆ ಅವರ ಖಾತೆಗೆ ಬರುತ್ತಿತ್ತು. ಒಂದು ವರ್ಷಕ್ಕೆ 14,000 ಬಂದಿತ್ತು. ಶೇ. 5.5ರ ಲೆಕ್ಕದಲ್ಲಿ ಸಲ್ಲಬೇಕಾದದ್ದು 11,000. ಹೆಚ್ಚಿಗೆ ಕೊಟ್ಟ 3,000ವನ್ನು ಬ್ಯಾಂಕು ಅಸಲಿನಿಂದ ಹಿಡಿದುಕೊಂಡಿತು, ಖಾತೆಗೆ ಬಂದದ್ದು 1,97,000. "ಅಸಲಿಗೇ ಕೈ ಹಾಕಿದ್ರಲ್ಲೋ" ಎಂದು ಅಮ್ಮ ಗಾಬರಿಯಾದರು. ಪಾಸ್‌ಬುಕ್ ತೆಗೆದು, ನಾಲ್ಕು ಕಂತುಗಳ ಬಡ್ಡಿಯನ್ನು ಈ ಮೊತ್ತಕ್ಕೆ ಕೂಡಿಸಿ 2,11,000 ಆಗುವುದನ್ನು ತೋರಿಸಿದ ಮೇಲೆ ಸಮಾಧಾನವಾಯಿತು.