ಕಾಫಿ ಪೆಟ್ಟಿಗೆ ತಿಂಗಳಿಗೊಂದೇ ಸಾಕು: ಉಡುಪಿಯಲ್ಲಿ ನನ್ನ ಅನುಭವ

"ಎಂತ ಮಾರಾಯ, ಘಾಟಿ ಹತ್ತಿದ್ರೆ ಕಾಫಿ ತೋಟ. ನೀನು ಬೆಂಗಳೂರಿಂದ ಪೆಟ್ಟಿಗೆ ತರಿಸುದಾ?" ಅಂತ ಭಾವ ಕೇಳಿದ್ದರು. ಮೊದಲ ನಾಲ್ಕು ತಿಂಗಳ ಲೆಕ್ಕ ನೋಡಿದರೆ ಅವರ ಮಾತು ಸರಿಯೇ ಇತ್ತು. ಈಗ ಒಂದು ವರ್ಷದಿಂದ ಒಂದು ಬೀಜವನ್ನೂ ಎಸೆದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಹದಿನೈದು ದಿನಕ್ಕೊಂದು 250 ಗ್ರಾಂ ಪ್ಯಾಕೆಟ್ ಬರುವ ಚಂದಾ ತೆಗೆದುಕೊಂಡೆ. ಒಂದಕ್ಕೆ ಹತ್ತಿರ ಹತ್ತಿರ 550 ರೂಪಾಯಿ. 15 ಗ್ರಾಂಗೆ ಒಂದು ಕಪ್ ಅಂದರೆ 16 ಕಪ್, ಕಪ್ಪಿಗೆ 34 ರೂಪಾಯಿ. ಮಣಿಪಾಲದ ಕೆಫೆಯಲ್ಲಿ ನಾನು ಕೊಡುತ್ತಿದ್ದುದು 200ರ ಆಸುಪಾಸು. ಭಾರೀ ಉಳಿತಾಯ ಅಂದುಕೊಂಡೆ. ಆದರೆ ಕಾಗದದ ಫಿಲ್ಟರ್‌ನಲ್ಲಿ ಪುಡಿ ಹಾಕಿ ಮೇಲಿಂದ ಬಿಸಿನೀರು ಸುರಿಯುವ ಪೋರ್ ಓವರ್ ನಾನು ಮಾಡುವುದು ವಾರಕ್ಕೆ ನಾಲ್ಕೇ ದಿನ. ಉಳಿದ ದಿನ ಮನೆಯವರ ಜೊತೆ ಫಿಲ್ಟರ್ ಕಾಫಿ. ನಾಲ್ಕು ತಿಂಗಳಲ್ಲಿ ಎಂಟು ಪ್ಯಾಕೆಟ್ ಬಂತು, ಕುಡಿದದ್ದು ನಾಲ್ಕು. ಕೊಟ್ಟದ್ದು 4400. ಅಲ್ಲಿಗೆ ಕಪ್ಪಿಗೆ ಹತ್ತಿರ ಹತ್ತಿರ 69 ರೂಪಾಯಿ ಬಿತ್ತು. ಚಿಕೋರಿ ಹಾಕಿದ ನಮ್ಮ ಪೇಟೆಯ ಪುಡಿಯಲ್ಲಿ ಏಳೆಂಟು ರೂಪಾಯಿಗೆ ಒಂದು ಲೋಟ ಆಗುತ್ತದೆ. ಹಾಗಾಗಿ ಫಿಲ್ಟರ್ ಕಾಫಿ ಬಿಟ್ಟು ಇದಕ್ಕೆ ಬಂದರೆ ದುಡ್ಡು ಉಳಿಯುವುದಿಲ್ಲ. ಕೆಫೆ ಬಿಟ್ಟು ಬಂದರೆ ಮಾತ್ರ ಉಳಿಯುತ್ತದೆ, ಅದೂ ಬಂದದ್ದನ್ನು ಮುಗಿಸಿದರೆ.

ಈಗ ತಿಂಗಳಿಗೊಂದೇ ಪ್ಯಾಕೆಟ್, ಪುಡಿಯಲ್ಲ, ಬೀಜ. ಊರಿಗೆ ಹೋಗುವ ತಿಂಗಳು ಮೊದಲೇ 'ಸ್ಕಿಪ್' ಒತ್ತಿಬಿಡುತ್ತೇನೆ.

ಹೊಸಬರು ಮೂರ್ನಾಲ್ಕು ಚಿಕ್ಕ ಪ್ಯಾಕೆಟ್‌ಗಳ ಸ್ಯಾಂಪ್ಲರ್‌ಗೆ ಮರುಳಾಗುತ್ತಾರೆ. ನಾನೂ ಆಗಿದ್ದೆ. 60 ಗ್ರಾಂ ಅಂದರೆ ನಾಲ್ಕು ಕಪ್. ಗ್ರೈಂಡರ್ ಎಷ್ಟಕ್ಕೆ ಇಡಬೇಕು ಅಂತ ಗೊತ್ತಾಗುವಷ್ಟರಲ್ಲಿ ಪ್ಯಾಕೆಟ್ ಖಾಲಿ. ಒಂದೇ ಕಾಫಿಯನ್ನು ಎರಡು ತಿಂಗಳು ತರಿಸಿದಾಗಲೇ ನನಗೆ ಕೈ ಕುದುರಿದ್ದು. ಕಂಪನಿಯವರೇ ಆರಿಸಿ ಕಳಿಸುವ ಚಂದಾ ಕಲಿಯುವವರಿಗೆ ಬೇಡ.

ಇನ್ನು ತಾಜಾತನ. ಪ್ಯಾಕೆಟ್ ಮೇಲೆ ಹುರಿದ ದಿನ ಇರಬೇಕು. ಪ್ಯಾಕ್ ಮಾಡಿದ ದಿನ ಬೇರೆ, ಅದನ್ನು ನಂಬಬೇಡಿ. ತೀರಾ ಹೊಸದೂ ಸರಿಯಲ್ಲ. ಲೈಟ್ ರೋಸ್ಟ್, ಅಂದರೆ ಕಡಿಮೆ ಹುರಿದ ಬೀಜ, ಹುರಿದ ನಾಲ್ಕನೇ ದಿನ ಕೈಗೆ ಬಂದರೆ ನಾನು ಇನ್ನೂ ಒಂದು ವಾರ ಮುಟ್ಟುವುದಿಲ್ಲ. ಒಳಗಿನ ಗ್ಯಾಸ್ ನೀರನ್ನು ತಳ್ಳುತ್ತದೆ, ರುಚಿ ಸರಿಯಾಗಿ ಇಳಿಯುವುದಿಲ್ಲ. ಮೊದಮೊದಲು ಬಂದ ದಿನವೇ ಕಾಫಿ ಮಾಡಿ, ಹುಳಿ ಅಂತ ಬೈದು, ಎರಡು ಪ್ಯಾಕೆಟ್ ಯಾರಿಗೋ ಕೊಟ್ಟುಬಿಟ್ಟಿದ್ದೆ.

ಕಳೆದ ಆಗಸ್ಟ್‌ನಲ್ಲಿ ಬಂದ ಮೀಡಿಯಂ ರೋಸ್ಟ್ ಪ್ಯಾಕೆಟ್ ಮೇಲೆ ಒಂಬತ್ತು ದಿನದ ಹಿಂದಿನ ತಾರೀಕು ಇತ್ತು. ಪ್ಯಾಕೆಟ್‌ನ ಗ್ಯಾಸ್ ಹೊರಬಿಡುವ ವಾಲ್ವ್ ಒತ್ತಿ ಮೂಸಿದೆ, ಹಳೇ ಕಡಲೆಕಾಯಿಯ ವಾಸನೆ. ಬೀಜದ ಮೇಲೆ ಎಣ್ಣೆ ಜಿನುಗಿತ್ತು. ಡಾರ್ಕ್ ರೋಸ್ಟ್‌ಗೆ ಎಣ್ಣೆ ಸಹಜ, ಮೀಡಿಯಂಗೆ ಒಂಬತ್ತೇ ದಿನದಲ್ಲಿ ಬಂದರೆ ಅನುಮಾನ ಪಡಬೇಕು. ಆದರೂ ಇಷ್ಟಕ್ಕೇ ತೀರ್ಮಾನ ಮಾಡಲಿಲ್ಲ. ಇದೇ ಕಾಫಿಯ ಹಿಂದಿನ ಪ್ಯಾಕೆಟ್ ಹತ್ತು ದಿನದ್ದಾಗಿದ್ದಾಗ 15 ಗ್ರಾಂ ಬೀಜ ತೆಗೆದು, ಗಾಳಿಯಾಡದ ಪುಟ್ಟ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿ ಇಟ್ಟಿದ್ದೆ. ಅದನ್ನು ಹೊರಗಿಟ್ಟು ಚಳಿ ಪೂರ್ತಿ ಬಿಟ್ಟ ಮೇಲೆ ಡಬ್ಬಿ ತೆರೆದೆ. ಮೊದಲೇ ತೆರೆದರೆ ನಮ್ಮ ಕರಾವಳಿಯ ಗಾಳಿಗೆ ಬೀಜದ ಮೇಲೆ ನೀರು ಕೂರುತ್ತದೆ. ಎರಡನ್ನೂ ಒಂದೇ ಹದಕ್ಕೆ ಪುಡಿ ಮಾಡಿ, ತಲಾ 45 ಗ್ರಾಂ ಬಿಸಿನೀರು ಹಾಕಿದೆ. ತಾಜಾ ಇದ್ದರೆ ಒಳಗಿನ ಗ್ಯಾಸ್ ಹೊರಬಂದು ಪುಡಿ ಉಬ್ಬಬೇಕು. ಹಳೇ ಪ್ಯಾಕೆಟ್‌ನದ್ದು ಇಡ್ಲಿಯ ಹಾಗೆ ಉಬ್ಬಿತು. ಹೊಸದು ಕೆಸರಿನ ಹಾಗೆ ಚಪ್ಪಟೆ, ನಾಲ್ಕು ದೊಡ್ಡ ಗುಳ್ಳೆ ಅಷ್ಟೇ. ಎರಡನ್ನೂ ಅಕ್ಕಪಕ್ಕ ಇಟ್ಟು ವಿಡಿಯೋ ಮಾಡಿ ಕಂಪನಿಗೆ ಕಳಿಸಿದೆ. ಮಾತಿಲ್ಲದೆ ಬೇರೆ ಪ್ಯಾಕೆಟ್ ಬಂತು. ಬರೀ ಒಂದನ್ನೇ ನೋಡಿ ಹೇಳುವುದು ಕಷ್ಟ, ಯಾಕೆಂದರೆ ಲೈಟ್ ರೋಸ್ಟ್ ಹೊಸದಿದ್ದರೂ ಜಾಸ್ತಿ ಉಬ್ಬುವುದಿಲ್ಲ. ಪುಡಿಯನ್ನೇ ತರಿಸುವವರಿಗಂತೂ ಈ ಪರೀಕ್ಷೆ ಉಪಯೋಗವಿಲ್ಲ. ಪುಡಿಯಿಂದ ಗ್ಯಾಸ್ ದಾರಿಯಲ್ಲೇ ಹೋಗಿರುತ್ತದೆ.

ಮಳೆಗಾಲಕ್ಕೆ ಇನ್ನೊಂದು ಪ್ರಯೋಗ ಮಾಡಿದೆ. ಜುಲೈಯಲ್ಲಿ ಒಂದು ಹಿಡಿ ಬೀಜವನ್ನು ಬಟ್ಟಲಲ್ಲಿ ನಾಲ್ಕು ದಿನ ತೆರೆದಿಟ್ಟೆ. ಹಲ್ಲಲ್ಲಿ ಕಚ್ಚಿದರೆ ಕಟುಂ ಅನ್ನದೆ ಮೆತ್ತಗಾಗಿತ್ತು, ಪುಡಿ ಗ್ರೈಂಡರ್‌ಗೆ ಅಂಟಿತು. ಅಂದಿನಿಂದ ಪ್ಯಾಕೆಟ್ ಬಂದು, ಕಾಯುವ ದಿನ ಮುಗಿದ ಕೂಡಲೇ ವಾರಕ್ಕೆ ಬೇಕಾದಷ್ಟು, 60 ಗ್ರಾಂನಂತೆ ನಾಲ್ಕು ಡಬ್ಬಿ ಮಾಡುತ್ತೇನೆ. ಒಂದು ಹೊರಗೆ, ಮೂರು ಫ್ರೀಜರ್‌ನಲ್ಲಿ. ಮಿಕ್ಕ ಹತ್ತು ಗ್ರಾಂಗೆ ಇನ್ನೈದು ಸೇರಿಸಿದರೆ ಮುಂದಿನ ಹೋಲಿಕೆಗೆ ಆಯಿತು.

ಲೈಟ್ ರೋಸ್ಟನ್ನು ಹಿತ್ತಾಳೆ ಫಿಲ್ಟರ್‌ಗೆ ಹಾಕಿಯೂ ನೋಡಿದೆ. ಹಾಲು ಸೇರಿದ್ದೇ ಹುಳಿ ಎದ್ದು ನಿಂತಿತು. ಆಮೇಲೆ ಪೇಟೆಯ ಚಿಕೋರಿ ಪುಡಿಗೆ ಡಾರ್ಕ್ ರೋಸ್ಟ್ ಬೆರೆಸಿದೆ. ಅದನ್ನು ಭಾವ ಎರಡು ಲೋಟ ಕುಡಿದು ಅಳತೆ ಕೇಳಿದರು. ಅವರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.