ಹೊಸ ನಂಬರು, ಹಳೆಯವರ ಫೋನು

ತಂಗಿ ಮಗಳು ಓದಲಿಕ್ಕೆ ಟೆಕ್ಸಸ್‌ಗೆ ಬಂದ ನಾಲ್ಕನೇ ದಿನ ಹಾಸನದಿಂದ ತಂಗಿಯ ಫೋನು. "ಅಣ್ಣಾ, ಅವಳ ಹೊಸ ನಂಬರ್ ಸೇವ್ ಮಾಡ್ಕೊಂಡೆ. ವಾಟ್ಸಾಪಲ್ಲಿ ಯಾರೋ ಗಡ್ಡದವನ ಫೋಟೋ ಬರ್ತಿದೆ. ಯಾರವನು?"

ದೊಡ್ಡ ಲಾರಿಗೆ ಒರಗಿ ನಿಂತ ಗಂಡಸು. ಸಾಲಗಾಮೆ ರಸ್ತೆಯ ಮನೆಯಲ್ಲಿ ಅವತ್ತು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲವಂತೆ.

ಆ ಗಡ್ಡದವನು ನಂಬರಿನ ಹಳೆಯ ಮಾಲೀಕ, ಅಷ್ಟೇ. ಅಮೆರಿಕದಲ್ಲಿ ಯಾರಾದರೂ ಬಿಟ್ಟ ನಂಬರನ್ನು ಕಂಪನಿ ಕನಿಷ್ಠ 45 ದಿನ ಸುಮ್ನೆ ಇಟ್ಟುಕೊಳ್ಳಬೇಕು. ಆಮೇಲೆ ಇನ್ನೊಬ್ಬರಿಗೆ ಕೊಡಬಹುದು. ಅವನು ನಂಬರ್ ಬಿಟ್ಟಿದ್ದ, ವಾಟ್ಸಾಪ್ ಖಾತೆ ಅಳಿಸಿರಲಿಲ್ಲ. ನಂಬರ್ ಕೈ ಬದಲಾಗಿದ್ದು ವಾಟ್ಸಾಪ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ನಮ್ಮ ಹುಡುಗಿ ಇನ್ನೂ ಹಾಸನದ ನಂಬರಿನಲ್ಲೇ ವಾಟ್ಸಾಪ್ ಇಟ್ಟುಕೊಂಡಿದ್ದಳು. ಹಾಗಾಗಿ ಹೊಸ ನಂಬರಿನ ಮೇಲೆ ಅವನ ಫೋಟೋ ಹಾಗೇ ಉಳಿದಿತ್ತು. ಅದರಿಂದ ಅವನು ಇವಳ ಮೆಸೇಜು ಓದುತ್ತಾನೆ ಅಂತ ಅರ್ಥವಲ್ಲ.

ಹೊಸ ನಂಬರಿನಲ್ಲಿ ವಾಟ್ಸಾಪ್ ಶುರು ಮಾಡಿದಳು. ಎಸ್ಸೆಮ್ಮೆಸ್ಸಿನ ಕೋಡ್ ಹಾಕಿದ ಮೇಲೂ ಆರು ಅಂಕಿಯ ಪಿನ್ ಕೇಳಿತು. ಅವನು ಇಟ್ಟಿದ್ದ ಪಿನ್ ಅದು. ಇಂಥ ಹೊತ್ತಿನಲ್ಲಿ ಊಹಿಸಿ ಊಹಿಸಿ ಒತ್ತಬೇಡಿ. ಏಳು ದಿನ ಕಾದರೆ ಪಿನ್ ಇಲ್ಲದೆಯೇ ಒಳಗೆ ಬಿಡುತ್ತದೆ. ಆ ಏಳು ದಿನ ಅವಳು ಊರಿನ ನಂಬರಿನಲ್ಲೇ ಅಮ್ಮನ ಜೊತೆ ಮಾತಾಡಿದಳು. ಆಮೇಲೆ ಹೊಸ ನಂಬರ್ ತೆರೆದು, ಮೊದಲ ಕೆಲಸವಾಗಿ Settings > Account > Two-step verification ಗೆ ಹೋಗಿ ತನ್ನದೇ ಪಿನ್ ಹಾಕಿಕೊಂಡಳು. ಗಡ್ಡದವನು ಮಾಯ. ಬೇರೆ ಯಾವುದಾದರೂ ಆ್ಯಪ್ ಅವನ ಖಾತೆಯನ್ನೇ ತೆರೆದುಬಿಟ್ಟರೆ ಏನನ್ನೂ ಓದದೆ ಹೊರಗೆ ಬನ್ನಿ.

ಫೋಟೋ ಹೋಯಿತು, ಫೋನುಗಳು ಹೋಗಲಿಲ್ಲ. ಅವನ ಲಾರಿ ಸಾಲ ಬಾಕಿ ಇತ್ತೋ ಏನೋ, ವಸೂಲಿಯವರು ಬೆಳಿಗ್ಗೆ ಎಂಟಕ್ಕೇ ಶುರು. ಪಾಪ, ಹುಡುಗಿ ಹೆದರಿ ಮೂರು ದಿನ ಕಟ್ ಮಾಡುತ್ತಲೇ ಇದ್ದಳು. ಅದೇ ತಪ್ಪು. ಕಟ್ ಮಾಡಿದಷ್ಟೂ ಅವರಿಗೆ ಸಾಲಗಾರನೇ ತಪ್ಪಿಸಿಕೊಳ್ಳುತ್ತಿದ್ದಾನೆ ಅನಿಸುತ್ತದೆ. ಒಂದು ಸಲ ಎತ್ತಿ, "ನೀವು ಕೇಳುವವರು ನನಗೆ ಗೊತ್ತಿಲ್ಲ. ಈ ನಂಬರ್ ಇಂಥ ತಾರೀಖಿನಿಂದ ನನ್ನದು. ಪಟ್ಟಿಯಿಂದ ತೆಗೆಯಿರಿ" ಅನ್ನಿ. ಯಾವ ಕಂಪನಿ, ಎಷ್ಟು ಹೊತ್ತಿಗೆ ಮಾಡಿದರು ಅಂತ ಬರೆದಿಟ್ಟುಕೊಳ್ಳಿ. "ನೀವು ಅವರಲ್ಲ ಅಂತ ಖಾತ್ರಿ ಮಾಡಲು ಹುಟ್ಟಿದ ದಿನ ಹೇಳಿ, ಸೋಷಿಯಲ್ ಸೆಕ್ಯುರಿಟಿ ನಂಬರ್ ಹೇಳಿ" ಅಂದರೆ ಯಾವುದನ್ನೂ ಕೊಡಬೇಡಿ. ಆಮೇಲೂ ನಿಲ್ಲದಿದ್ದರೆ ಸಿಎಫ್‌ಪಿಬಿ ಅನ್ನೋ ಸರ್ಕಾರಿ ಸಂಸ್ಥೆಗೆ ಆನ್‌ಲೈನಲ್ಲೇ ದೂರು ಕೊಡಬಹುದು. ಕೈ ಬದಲಾದ ನಂಬರುಗಳನ್ನು ಕಂಪನಿಗಳು ನೋಡಿಕೊಳ್ಳಲಿ ಅಂತ 2021ರಿಂದ ಅಮೆರಿಕದಲ್ಲಿ ಒಂದು ಪಟ್ಟಿಯೂ ಇದೆ. ನೋಡುವ ಪುಣ್ಯಾತ್ಮರು ಇರಬೇಕಲ್ಲ!

ಔಷಧಿ ಅಂಗಡಿಯಿಂದ ಅವನ ಮಾತ್ರೆ ರೆಡಿ ಅಂತ ಮೆಸೇಜು ಬರುತ್ತಿತ್ತು. ಐದಾರು ಅಂಕಿಯ ಚಿಕ್ಕ ನಂಬರಿನಿಂದ ಬಂದ ಇಂಥ ಮೆಸೇಜಿಗೆ STOP ಅಂತ ಉತ್ತರ ಕಳಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಗುರುತಿಲ್ಲದ ಹತ್ತು ಅಂಕಿಯ ನಂಬರಿಗೆ ಅದನ್ನೂ ಕಳಿಸಬೇಡಿ, ಬ್ಲಾಕ್ ಮಾಡಿ. ಅವನ ಹೆಸರಿಗೆ ಓಟಿಪಿ ಬಂದರೆ ಎಲ್ಲೂ ಹಾಕಬೇಡಿ. ಫೋನ್ ಮಾಡಿ ಕೇಳಿದವರಿಗೂ ಹೇಳಬೇಡಿ. ಕೇಳುವವನು ಹಳೇ ಮಾಲೀಕನೇ ಅಂತ ನಿಮಗೆ ತಿಳಿಯುವುದು ಹೇಗೆ?

ನನ್ನನ್ನು ಕೇಳಿದರೆ, ಸಿಮ್ ತಗೊಂಡ ಮೊದಲ ವಾರ ಆ ನಂಬರನ್ನು ಬ್ಯಾಂಕಿಗೆ ಕೊಡಬೇಡಿ. ಕಾಟ ಜಾಸ್ತಿ ಇದ್ದರೆ ಆಗಲೇ ಬೇರೆ ನಂಬರ್ ಕೇಳಿ. ಕೆಲವು ಕಂಪನಿ ಸ್ವಲ್ಪ ದುಡ್ಡು ಕೇಳುತ್ತವೆ. ಬ್ಯಾಂಕು, ಕಾಲೇಜು, ಮನೆ ಬಾಡಿಗೆ ಎಲ್ಲಕ್ಕೂ ಕೊಟ್ಟ ಮೇಲೆ ಬದಲಿಸುವುದು ಬಹಳ ತಲೆನೋವು. ಹೊಸದಾಗಿ ಕೊಡುವುದೂ ಯಾರೋ ಬಿಟ್ಟದ್ದೇ ಇರಬಹುದು, ಅದು ಬೇರೆ ಮಾತು.

ಊರಿನ ಸಿಮ್ಮನ್ನೂ ಮರೆಯಬೇಡಿ. ಭಾರತದಲ್ಲಿ 90 ದಿನ ಏನೂ ಬಳಸದ ಪ್ರಿಪೇಯ್ಡ್ ನಂಬರ್ ನಿಂತುಹೋಗಬಹುದು. ನಿಂತು ಮತ್ತೆ 90 ದಿನ ಆದ ಮೇಲೆ ಬೇರೆಯವರಿಗೆ ಹೋಗಬಹುದು. ಅದಕ್ಕೇ ಮೊದಲು ಬ್ಯಾಂಕು, ಆಧಾರ್‌ಗೆ ಕೊಟ್ಟಿರುವ ಫೋನ್ ನಂಬರ್ ಬದಲಿಸಿ, ಆಮೇಲೆ ಬಿಡಿ. ನಾನು ಉಲ್ಟಾ ಮಾಡಿದ್ದೆ. ನನ್ನ ಹಳೇ ನಂಬರಿಗೆ ಸುಮ್ನೆ ಒಂದು ಸಲ ಫೋನ್ ಹಚ್ಚಿದರೆ ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಎತ್ತಿದರು. "ಓ, ನೀವೇನಾ ಸಾರ್? ನಿಮ್ ಬ್ಯಾಂಕಿನ ಮೆಸೇಜು ದಿನಾ ಬರ್ತಾವೆ. ಎರಡು ವರ್ಷದಿಂದ ಅಳಿಸ್ತಾ ಇದೀನಿ!"